ಎರಡು ರೂಪಾಯಿ ಬಡ್ಡಿಯ ಸಂಘ: ಪಿಯು ಮಕ್ಕಳಿಗೆ ಸರಳ ಬಡ್ಡಿ, ಚಕ್ರಬಡ್ಡಿ ಹೇಗೆ ಕಲಿಸೋದು?

ಹೊನ್ನಾಳಿ ಕಾಮರ್ಸ್

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಕಾಮರ್ಸ್ ಮಕ್ಕಳಿಗೆ ಬೇಸಿಕ್ ಮ್ಯಾಥ್ಸ್ ಪಾಠ ಮಾಡ್ತೀನಿ. ಬಡ್ಡಿಯ ಪಾಠಕ್ಕೆ ಈ ಸಲ ಒಂದು ಸನ್ನಿವೇಶ ಕಟ್ಟಬೇಕು ಅಂತಿದ್ದೀನಿ, ನಿಮ್ಮ ಸಲಹೆ ಬೇಕು.

ಹತ್ತು ಹತ್ತು ಮಕ್ಕಳು ಸೇರಿ ಒಂದೊಂದು ಉಳಿತಾಯ ಸಂಘ. ಒಬ್ಬೊಬ್ಬರೂ ತಿಂಗಳಿಗೆ 100 ರೂಪಾಯಿ ಉಳಿಸ್ತಾರೆ. ದುಡ್ಡು ನಿಜವಾದ್ದಲ್ಲ, ಕಾಗದದ ಚೀಟಿ. ವರ್ಷ ಮುಗಿಯೋ ಹೊತ್ತಿಗೆ ಸಂಘದ ಪೆಟ್ಟಿಗೆಯಲ್ಲಿ 12,000 ಆಗುತ್ತೆ. ಆ ದುಡ್ಡನ್ನ ಒಬ್ಬ ಸದಸ್ಯೆಗೆ ಹೊಲಿಗೆ ಮಷೀನಿಗೆ ಅಂತ ಸಾಲ ಕೊಡ್ತಾರೆ. ಬಡ್ಡಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಇರೋದೇ, ಎರಡು ರೂಪಾಯಿ. ಅಂದ್ರೆ ನೂರಕ್ಕೆ ತಿಂಗಳಿಗೆ ಎರಡು.

ನನ್ನ ತೊಂದರೆ ಲೆಕ್ಕದಲ್ಲಿಲ್ಲ. ಪಿಟಿಆರ್ ಬೈ ಹಂಡ್ರೆಡ್ ಅಂದ್ರೆ ನಿದ್ದೆಯಲ್ಲೂ ಹೇಳ್ತಾರೆ, ಚಕ್ರಬಡ್ಡಿ ಸೂತ್ರವೂ ಬಾಯಿಪಾಠ. ಆದರೆ ಹೋದ ವಾರ "ನಿಮ್ಮ ಅಮ್ಮಂದಿರ ಸಂಘದಲ್ಲಿ ಇರೋದು ಸರಳ ಬಡ್ಡಿಯೋ ಚಕ್ರಬಡ್ಡಿಯೋ?" ಅಂತ ಕೇಳಿದ್ರೆ ಇಡೀ ಕ್ಲಾಸು ಸುಮ್ಮನಾಯ್ತು. ಕೊನೆಗೆ ಒಬ್ಬಳು ಎದ್ದು, "ಅಮ್ಮ ತಿಂಗಳ ತಿಂಗಳ ಬಡ್ಡಿ ಕಟ್ತಾಳೆ ಮಿಸ್, ಅಸಲು ಹಂಗೇ ಇರುತ್ತೆ. ಅದು ಯಾವ್ದು?" ಅಂದಳು. ಪಠ್ಯದಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಅಲ್ಲಿ "ಸರಳ ಬಡ್ಡಿಯಂತೆ" ಅಂತಲೋ "ಚಕ್ರಬಡ್ಡಿಯಂತೆ" ಅಂತಲೋ ಮೊದಲೇ ಬರೆದಿರ್ತಾರೆ.

ಅದೇ 12,000ದಿಂದ ಎರಡೂ ತಾವಾಗಿ ಹುಟ್ಟಬೇಕು, ನಾನು ಹೆಸರು ಹೇಳೋ ಮೊದಲೇ ಮಕ್ಕಳಿಗೆ ವ್ಯತ್ಯಾಸ ಕಾಣಬೇಕು. ಸನ್ನಿವೇಶವನ್ನ ಹೇಗೆ ಜೋಡಿಸಲಿ?

ಸಿಇಟಿ ಹುಡುಗ

ಮೇಡಂ, ಇದು ಸುಲಭ. ಸಂಘ ಅಂದ್ರೆ ಸರಳ ಬಡ್ಡಿ, ಬ್ಯಾಂಕ್ ಅಂದ್ರೆ ಚಕ್ರಬಡ್ಡಿ. ತಿಂಗಳಿಗೆ 2 ಅಂದ್ರೆ ವರ್ಷಕ್ಕೆ 24. ಮೊದಲ ವರ್ಷ ಎರಡರಲ್ಲೂ ಬಡ್ಡಿ 2,880 ರೂಪಾಯಿನೇ ಬರುತ್ತೆ, ಎರಡನೇ ವರ್ಷದಿಂದ ಮಾತ್ರ ಬೇರೆ ಆಗುತ್ತೆ. ಅದಕ್ಕೆ ನಿಮ್ಮ ಸಾಲನ ಎರಡು ವರ್ಷಕ್ಕೆ ಇಡಿ. ಒಂದು ವರ್ಷ ಇಟ್ರೆ ಮಕ್ಕಳಿಗೆ ವ್ಯತ್ಯಾಸನೇ ಕಾಣಲ್ಲ.

ಹಳೇ ಲೆಡ್ಜರ್

ತಮ್ಮಾ, ವರ್ಷಕ್ಕೊಮ್ಮೆ ಬಡ್ಡಿಯನ್ನ ಅಸಲಿಗೆ ಸೇರಿಸಿದರೆ ನೀನು ಹೇಳಿದ್ದು ಸರಿ. ಆದರೆ ಮೇಡಂ ಹೇಳಿರೋ ಬಡ್ಡಿ ತಿಂಗಳಿಗೆ ಬೀಳೋದು. ತಿಂಗಳಿಗೊಮ್ಮೆ ಸೇರಿಸಿದರೆ ಮೊದಲ ವರ್ಷದಲ್ಲೇ ವ್ಯತ್ಯಾಸ ಬರುತ್ತೆ. ಇನ್ನು "ಬ್ಯಾಂಕ್ ಅಂದ್ರೆ ಚಕ್ರ" ಅನ್ನೋದನ್ನ ಸ್ವಲ್ಪ ಬದಿಗಿಡು. ನಾನು ಬ್ಯಾಂಕಿನಲ್ಲೇ ಕೆಲಸ ಮಾಡಿ ರಿಟೈರ್ ಆದವನು. ಎಫ್‌ಡಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತೆ. ಅದೇ ಎಫ್‌ಡಿಯಲ್ಲಿ ಬಡ್ಡಿಯನ್ನ ಆಗಾಗ ಎಸ್‌ಬಿ ಖಾತೆಗೆ ಹಾಕಿಸಿಕೊಂಡರೆ ಅಸಲು ಬೆಳೆಯೋದೇ ಇಲ್ಲ. ಬೆಳೆಸಾಲಕ್ಕಂತೂ ಬೇರೆ ಸಾಲದ ಹಾಗೆ ತಿಂಗಳ ತಿಂಗಳ ಚಕ್ರಬಡ್ಡಿ ಹಾಕುವ ಹಾಗಿಲ್ಲ, ಬೆಳೆ ಕೈಗೆ ಬರೋ ಕಾಲ ನೋಡಿ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಹಾಗಾಗಿ ಸಾಲ ಕೊಟ್ಟವರು ಯಾರು ಅನ್ನೋದರಿಂದ ಇದು ತೀರ್ಮಾನ ಆಗಲ್ಲ. ಬಿದ್ದ ಬಡ್ಡಿ ಎಲ್ಲಿಗೆ ಹೋಯ್ತು ಅಂತ ನೋಡಬೇಕು.

ಮೇಡಂ, ಆ ಹುಡುಗಿಯ ಪ್ರಶ್ನೆಯೇ ನಿಮ್ಮ ಪಾಠ. ಮೂರು ಗುಂಪು ಮಾಡಿ, ಮೂರಕ್ಕೂ ಅದೇ 12,000, ಅದೇ ಎರಡು ರೂಪಾಯಿ ಬಡ್ಡಿ, ಅದೇ ಹನ್ನೆರಡು ತಿಂಗಳು ಕೊಡಿ. ಕಟ್ಟೋ ರೀತಿ ಮಾತ್ರ ಬೇರೆ ಇರಲಿ.

ಮೊದಲ ಗುಂಪಿನ ಸಾಲಗಾರ್ತಿ ತಿಂಗಳ ತಿಂಗಳ 240 ಬಡ್ಡಿ ಕಟ್ಟಿ, ಕೊನೆಯಲ್ಲಿ ಅಸಲು 12,000 ತಂದುಕೊಡ್ತಾಳೆ. ಎರಡನೇ ಗುಂಪಿನವಳು ವರ್ಷವಿಡೀ ಏನೂ ಕಟ್ಟಲ್ಲ. ಸಂಘದವರು ಒಳ್ಳೆಯವರು, ಬಡ್ಡಿಯನ್ನ ಬೇರೆ ಕಾಲಂನಲ್ಲಿ ಬರೆದಿಟ್ಟು ಕೊನೆಗೆ ಒಟ್ಟಿಗೆ 14,880 ತಗೋತಾರೆ. ಮೂರನೇ ಗುಂಪಿನವಳೂ ಏನೂ ಕಟ್ಟಲ್ಲ, ಆದರೆ ಇಲ್ಲಿ ಕಟ್ಟದ ಬಡ್ಡಿಯನ್ನ ತಿಂಗಳ ಕೊನೆಗೆ ಅಸಲಿಗೇ ಸೇರಿಸಿ ಬರೀತಾರೆ. 12,000 ಇದ್ದದ್ದು 12,240 ಆಗುತ್ತೆ, ಆಮೇಲೆ 12,484.80, ಆಮೇಲೆ 12,734.50. ಹೀಗೇ ಹನ್ನೆರಡು ಸಾಲು ಬರೆದರೆ ಕೊನೆಗೆ 15,218.90. ಸೂತ್ರದಲ್ಲಿ ತಾಳೆ ನೋಡೋರು ನೋಡಿಕೊಳ್ಳಲಿ:

```
12000 × (1.02)^12 = 15218.90
```

ಈಗ ಮಕ್ಕಳನ್ನ ಕೇಳಿ, "ಮೊದಲನೇದೂ ಎರಡನೇದೂ ಒಂದೇನಾ?" ಎರಡರಲ್ಲೂ ಬಡ್ಡಿ 2,880. ಎಲ್ಲರೂ ಒಂದೇ ಅಂತಾರೆ, ಎರಡಕ್ಕೂ ಸರಳ ಬಡ್ಡಿ ಅಂತಾರೆ. ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಮೊದಲನೇ ಸಂಘಕ್ಕೆ ತಿಂಗಳ ತಿಂಗಳ 240 ಕೈಗೆ ಬಂತಲ್ಲ, ಅದನ್ನ ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟಿರ್ತಾರಾ? ಇನ್ನೊಬ್ಬ ಸದಸ್ಯೆಗೆ ಅದೇ ಎರಡು ರೂಪಾಯಿಗೆ ಕೊಡ್ತಾರೆ. ಅದರ ಬಡ್ಡಿ ಬಂದರೆ ಅದನ್ನೂ ಕೊಡ್ತಾರೆ. ಹಾಗೆ ತಿರುಗಿಸ್ತಾ ಹೋದರೆ ವರ್ಷದ ಕೊನೆಗೆ ಮೊದಲನೇ ಸಂಘದ ಪೆಟ್ಟಿಗೆಯಲ್ಲಿ ಎಷ್ಟಿರುತ್ತೆ ಅಂತ ಮಕ್ಕಳೇ ಲೆಕ್ಕ ಹಾಕಲಿ. 15,218.90. ಮೂರನೇ ಸಂಘದಷ್ಟೇ, ಪೈಸೆಗೆ ಪೈಸೆ.

ಕೊಟ್ಟವರ ಕಡೆಯಿಂದ ನೋಡಿದರೆ ಒಂದನೇದು, ಮೂರನೇದು ಸಮ. ಬೇರೆ ಇರೋದು ಎರಡನೇದು. ವರ್ಷವಿಡೀ ಬಡ್ಡಿ ಬಾಕಿ ಇಟ್ಟುಕೊಂಡು, ಆ ಬಾಕಿಗೆ ಏನೂ ಕೊಡದೆ ಹೋದವಳು ಅವಳು. 338.90 ರೂಪಾಯಿ ಸಂಘದವರು ಅವಳಿಗೆ ಬಿಟ್ಟುಕೊಟ್ಟ ಹಾಗಾಯ್ತು. ಇದು ಕಂಡ ಮೇಲೆ ಚಕ್ರಬಡ್ಡಿ ಅಂದರೆ ಯಾರೋ ಮೋಸಕ್ಕೆ ಕಂಡುಹಿಡಿದ ಸೂತ್ರ ಅಂತ ಮಕ್ಕಳಿಗೆ ಅನಿಸಲ್ಲ. ಕಟ್ಟದ ಬಡ್ಡಿಯೂ ಒಂದು ಸಾಲವೇ ಅಂತ ಗೊತ್ತಾಗುತ್ತೆ. ಆ ಹುಡುಗಿಗೆ ಉತ್ತರವೂ ಇದೇ: ಅವಳ ಅಮ್ಮ ಕಟ್ತಾ ಇರೋವರೆಗೆ ಅದು ಸರಳ ಬಡ್ಡಿ. ಒಂದು ತಿಂಗಳು ತಪ್ಪಿದರೆ ಸಂಘದ ಪುಸ್ತಕದಲ್ಲಿ ಅದನ್ನ ಯಾವ ಕಾಲಂಗೆ ಬರೀತಾರೆ ಅನ್ನೋದರ ಮೇಲೆ ಮುಂದಿನದು.

ಸಂಘದ ಪುಸ್ತಕ ಬರೆಯೋಳು

ನಮಸ್ಕಾರ್ರೀ. ನಾನು ಜಗಳೂರು ಕಡೆಯೋಳು, ನಮ್ಮ ಸಂಘದ ಪುಸ್ತಕ ನಾನೇ ಬರೀತೀನಿ. ಸರ್ ಹೇಳಿದ್ದು ಖರೇನೆ ಐತಿ. ತಿರುಗಿಸಿ ಕೊಡೋದ್ರಾಗೇ ನಮ್ಮ ಸಂಘ ಬೆಳೆದದ್ದು. ಆದ್ರ ಒಂದು ಮಾತು. ಸಂಘದಾಗ 240 ಬಂದ ದಿನಾನೇ ಅದನ್ನ ತಗೊಳ್ಳೋರು ಇರಬೇಕಲ್ರೀ. ಜೂನ್‌ನಾಗ ಬೀಜ ಗೊಬ್ಬರಕ್ಕ ಎಲ್ಲರೂ ಸಾಲ ಕೇಳ್ತಾರ, ಪೆಟ್ಟಿಗೆ ಖಾಲಿ. ಮೆಕ್ಕೆಜೋಳ ಮಾರಿದ ಮ್ಯಾಲೆ ಎಲ್ಲರೂ ತಂದು ಕಟ್ತಾರ, ಕೇಳೋರೇ ಇರಂಗಿಲ್ಲ, ದುಡ್ಡು ಬ್ಯಾಂಕಿನ ಎಸ್‌ಬಿ ಖಾತೆಯಾಗ ಕುಂತಿರತೈತಿ. ಅದಕ್ಕ ನಿಮ್ಮ 15,218 ನಮ್ಮ ಪುಸ್ತಕದಾಗ ಬರಂಗಿಲ್ಲ, ಒಂಚೂರು ಕಮ್ಮಿನೇ ಬರತೈತಿ. ಮಕ್ಕಳಿಗೆ ಅದನ್ನೂ ಹೇಳ್ರಿ ಮೇಡಂ.

ಹಳೇ ಲೆಡ್ಜರ್

ತುಂಬಾ ಒಳ್ಳೆಯ ಮಾತು ಅಕ್ಕಾ. ಸೂತ್ರದೊಳಗೆ ಅಡಗಿರೋ ಷರತ್ತೇ ಅದು, ಬಂದ ದುಡ್ಡು ಅದೇ ದರಕ್ಕೆ ಅದೇ ದಿನ ಮತ್ತೆ ಸಾಲಕ್ಕೆ ಹೋಗಬೇಕು. ಮೇಡಂ, ಇದಕ್ಕೊಂದು ಆಟ ಸೇರಿಸಿ. ಮೊದಲ ಗುಂಪಿನ ಪೆಟ್ಟಿಗೆಯ ದುಡ್ಡು ಎರಡು ತಿಂಗಳು ಯಾರೂ ಕೇಳದೆ ಸುಮ್ಮನೆ ಕೂತಿತು ಅಂತ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿಸಿ. ಒಂದನೇದೂ ಮೂರನೇದೂ ಆಗ ಸಮ ಬರಲ್ಲ.

ಚಳ್ಳಕೆರೆ ಮೇಕೆ

ಸರ್ ನಮಸ್ತೆ. ಸಾಲದ ಮಾತು ಬಂತು ಅಂತ ಕೇಳ್ತಾ ಇದೀನಿ. ನಾನೂ 12,000 ತಗೊಂಡಿದೀನಿ, ಎರಡು ಮೇಕೆ ತರೋಕೆ. ಒಂದು ಖಾಸಗಿ ಫೈನಾನ್ಸ್‌ನೋರು. ಅವ್ರೂ ಎರಡು ರೂಪಾಯಿ ಬಡ್ಡಿ ಅಂದ್ರು. ತಿಂಗಳಿಗೆ 1,240 ರಂತೆ ಹನ್ನೆರಡು ಕಂತು. ಆರು ಕಂತು ಕಟ್ಟಿದೀನಿ. ಈಗ ಒಂದು ಮೇಕೆ ಮಾರಿ ಸಾಲ ಮುಗಿಸಿಬಿಡೋಣ ಅಂತ ಹೋದ್ರೆ ಉಳಿದ ಆರೂ ಕಂತು ಸೇರಿಸಿ 7,440 ಕೊಡು ಅಂತಾರೆ. ಇದು ಸರಳ ಬಡ್ಡಿನಾ ಚಕ್ರಬಡ್ಡಿನಾ? ನಿಮ್ಮ ಸಂಘದಲ್ಲಿ ನಮ್ಮಂಥೋರಿಗೆ ಸಾಲ ಕೊಡ್ತೀರಾ?

ಹೊನ್ನಾಳಿ ಕಾಮರ್ಸ್

ಅಣ್ಣಾ, ನಮ್ಮದು ಮಕ್ಕಳು ಚೀಟಿಯಲ್ಲಿ ನಡೆಸೋ ಸಂಘ, ನಿಜವಾದ ಸಾಲ ಇಲ್ಲ. ಆದರೆ ನಿಮ್ಮ ಲೆಕ್ಕ ನನ್ನ ಮೂರು ಗುಂಪಿನ ಯಾವುದಕ್ಕೂ ಸೇರ್ತಾ ಇಲ್ಲ. ಹಳೇ ಲೆಡ್ಜರ್ ಸರ್, ಇದು ನಾಲ್ಕನೇ ಗುಂಪಾ?

ಹಳೇ ಲೆಡ್ಜರ್

ಹೌದು ಮೇಡಂ, ಮಕ್ಕಳಿಗೆ ಮುಂದೆ ನಿಜವಾಗಿ ಎದುರಾಗೋದು ಈ ನಾಲ್ಕನೇದೇ.

ಅಣ್ಣಾ, ನಿಮ್ಮ ಕಂತಿನ ಒಳಗೆ ಏನಿದೆ ನೋಡಿ. 12,000ಕ್ಕೆ ತಿಂಗಳಿಗೆ 240, ಹನ್ನೆರಡು ತಿಂಗಳಿಗೆ 2,880. ಅದನ್ನ ಅಸಲಿಗೆ ಕೂಡಿ ಹನ್ನೆರಡರಿಂದ ಭಾಗಿಸಿದರೆ 1,240. ನೋಡೋಕೆ ಅಚ್ಚುಕಟ್ಟಾದ ಸರಳ ಬಡ್ಡಿ. ಆದರೆ ಮೊದಲ ಕಂತಿನಿಂದಲೇ ನೀವು ಅಸಲಿನ ಒಂದು ಪಾಲು ವಾಪಸ್ ಕೊಡ್ತಾ ಇದ್ದೀರಿ. ಹನ್ನೆರಡನೇ ತಿಂಗಳಲ್ಲಿ ನಿಮ್ಮ ಹತ್ತಿರ ಅವರ ದುಡ್ಡು ಹೆಚ್ಚೂಕಡಿಮೆ ಒಂದು ಸಾವಿರ ಇರುತ್ತೆ, ಬಡ್ಡಿ ಮಾತ್ರ ಆಗಲೂ 12,000ಕ್ಕೇ, ಅದೇ 240. ಇದನ್ನ ಫ್ಲಾಟ್ ಬಡ್ಡಿ ಅಂತಾರೆ.

ಅದೇ ಎರಡು ರೂಪಾಯಿಯನ್ನ ಉಳಿದ ಬಾಕಿಗೆ ಮಾತ್ರ ಹಾಕಿದ್ದರೆ? ತಿಂಗಳಿಗೆ 1,000 ಅಸಲು ಕಟ್ತಾ ಹೋಗಿ ಅಂದುಕೊಳ್ಳಿ. ಮೊದಲ ತಿಂಗಳು 12,000ಕ್ಕೆ 240, ಎರಡನೇ ತಿಂಗಳು 11,000ಕ್ಕೆ 220, ಹೀಗೆ ಇಳೀತಾ ಕೊನೆಯ ತಿಂಗಳು ಬರೀ 20. ಎಲ್ಲ ಕೂಡಿದರೆ 1,560. ಬಾಯಲ್ಲಿ ಹೇಳೋ ದರ ಒಂದೇ, ಒಂದು ಕಡೆ ಬಡ್ಡಿ 1,560, ಇನ್ನೊಂದು ಕಡೆ 2,880.

ಇನ್ನು ನಿಮ್ಮ ಪ್ರಶ್ನೆ, ಈಗ ಮುಗಿಸಿದರೆ ಎಷ್ಟು? ಆ 1,240ರ ಕಂತುಗಳನ್ನ ಬಾಕಿ ಮೇಲಿನ ಬಡ್ಡಿ ಅಂತ ಬಿಡಿಸಿ ಲೆಕ್ಕ ಹಾಕಿದರೆ ಆರು ಕಂತಿನ ನಂತರ ಉಳಿಯೋ ಬಾಕಿ ಸುಮಾರು 6,613 ರೂಪಾಯಿ. ಅವರು ಕೇಳ್ತಿರೋ 7,440ರಲ್ಲಿ ನೀವು ಇನ್ನೂ ಬಳಸದ ಆರು ತಿಂಗಳ ಬಡ್ಡಿಯೂ ಸೇರಿದೆ. ನೀವು ಸಹಿ ಹಾಕಿದ ಕಾಗದದಲ್ಲಿ ಮುಂಚಿತವಾಗಿ ಮುಗಿಸೋ ಬಗ್ಗೆ ಏನಿದೆ ಅಂತ ಮೊದಲು ಓದಿಸಿ. ಬ್ಯಾಂಕುಗಳೂ ರಿಸರ್ವ್ ಬ್ಯಾಂಕಿನ ಅಡಿಯ ಫೈನಾನ್ಸ್ ಕಂಪನಿಗಳೂ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆಯನ್ನ ಸಾಲಗಾರರಿಗೆ ಅರ್ಥವಾಗೋ ಭಾಷೆಯಲ್ಲಿ ಕೊಡಬೇಕು. ಶುಲ್ಕ ಗಿಲ್ಕ ಎಲ್ಲ ಸೇರಿಸಿದ ವರ್ಷದ ನಿಜವಾದ ದರ ಅದರಲ್ಲಿ ಎಪಿಆರ್ ಅಂತ ಬರೆದಿರುತ್ತೆ. ಅದನ್ನ ಕೇಳಿ ತಗೊಳ್ಳಿ. ಕೈಸಾಲದವರಾದರೆ ಆ ಹಾಳೆ ಇರಲ್ಲ.

ಚಳ್ಳಕೆರೆ ಮೇಕೆ

ಹಾಳೆ ಕೊಟ್ಟಿದ್ರೇನೋ ಸರ್, ಎಲ್ಲೋ ಇಟ್ಟಿದೀನಿ. ಹುಡುಕ್ತೀನಿ. ಮಗಳು ಪಿಯು ಓದ್ತಾಳೆ, ಅವಳ ಕೈಲಿ ಓದಿಸ್ತೀನಿ.

ಕೋಟೆ ಮೇಷ್ಟ್ರು

ಚಿತ್ರದುರ್ಗದಿಂದ ಗಣಿತ ಮೇಷ್ಟ್ರು. ಮೇಕೆ ಸಾಲದ ನಿಜವಾದ ದರ ಎಷ್ಟು ಅನ್ನೋದನ್ನ ಮಕ್ಕಳಿಗೆ ಹೇಳಿಕೊಡೋಕೆ ನಾನು ಸರಾಸರಿ ಬಾಕಿ ಬಳಸ್ತೀನಿ. ಬಾಕಿ 12,000ದಿಂದ 1,000ಕ್ಕೆ ಇಳಿಯುತ್ತೆ, ಸರಾಸರಿ 6,500. ವರ್ಷಕ್ಕೆ 2,880 ಬಡ್ಡಿ, ಅಂದ್ರೆ ತಿಂಗಳಿಗೆ 240. 6,500ಕ್ಕೆ 240 ಅಂದ್ರೆ ನೂರಕ್ಕೆ 3.69. ಎರಡು ರೂಪಾಯಿ ಬಡ್ಡಿ ಅಂದದ್ದು ನಿಜವಾಗಿ ಮೂರು ರೂಪಾಯಿ ಅರವತ್ತೊಂಬತ್ತು ಪೈಸೆ! ಕ್ಯಾಲ್ಕುಲೇಟರ್ ಇಲ್ಲದೆ ಬೋರ್ಡ್ ಮೇಲೇ ಆಗುತ್ತೆ.

ಇನ್ನೊಂದು ಚೆಂದ ಇದೆ ಮೇಡಂ, ಬಿಡಬೇಡಿ. ಲೆಡ್ಜರ್ ಸರ್ ಹೇಳಿದ 1,560 ಬಂದದ್ದು ಹೇಗೆ? 12, 11, 10 ಹೀಗೆ 1ರವರೆಗೆ ಕೂಡಿದರೆ 78. ಅದು ಸಾವಿರಗಳಲ್ಲಿ, ನೂರಕ್ಕೆ ಎರಡರಂತೆ 1,560. ಈಗ ನಿಮ್ಮ ಉಳಿತಾಯದ ವರ್ಷಕ್ಕೆ ವಾಪಸ್ ಹೋಗಿ. ಹತ್ತು ಜನ ತಿಂಗಳಿಗೆ ನೂರು ಅಂದ್ರೆ ಸಂಘಕ್ಕೆ ತಿಂಗಳಿಗೆ 1,000. ತಿಂಗಳ ಮೊದಲ ದಿನವೇ ಕಟ್ಟಿದರೆ ಮೊದಲ ತಿಂಗಳ ಸಾವಿರ ಹನ್ನೆರಡು ತಿಂಗಳು ದುಡಿಯುತ್ತೆ, ಎರಡನೇ ತಿಂಗಳದ್ದು ಹನ್ನೊಂದು, ಕೊನೆಯದು ಒಂದೇ ತಿಂಗಳು. ಮತ್ತೆ ಅದೇ 78, ಸರಳ ಬಡ್ಡಿಯಲ್ಲಿ ಮತ್ತೆ ಅದೇ 1,560. ಉಳಿಸುವಾಗ ಮೆಟ್ಟಿಲು ಮೇಲಕ್ಕೆ ಹೋಗುತ್ತೆ, ತೀರಿಸುವಾಗ ಅದೇ ಮೆಟ್ಟಿಲು ಕೆಳಕ್ಕೆ ಬರುತ್ತೆ. ಒಂದೇ ಗ್ರಾಫ್ ಹಾಳೆ ಮೇಲೆ ಎರಡನ್ನೂ ಬರೆಸಿ, ಮಕ್ಕಳು ತಾವೇ ಕಂಡುಕೊಳ್ತಾರೆ. ನನಗೆ ಈ ಇಡೀ ಪಾಠದಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಬೇರೆ ಇಲ್ಲ.

ಹಳೇ ಲೆಡ್ಜರ್

ಮೇಷ್ಟ್ರೇ, 78ರ ಮಾತು ಬಹಳ ಹಿಡಿಸಿತು. 3.69 ಮಾತ್ರ ಸ್ವಲ್ಪ ಹೆಚ್ಚಾಯ್ತು. ಬಾಕಿ ತಿಂಗಳಿಗೆ ಸರಿಯಾಗಿ ಸಾವಿರ ಇಳಿಯುತ್ತೆ ಅಂತ ನೀವು ಹಿಡಿದಿದ್ದೀರಿ. ನಿಜವಾದ ದರ 3.48 ಅಂತ ಇಟ್ಟುಕೊಂಡು ಮೊದಲ ಸಾಲು ಬರೆದು ನೋಡಿ. 12,000ಕ್ಕೆ ಬಡ್ಡಿಯೇ 417.60. ಕಟ್ಟಿದ 1,240ರಲ್ಲಿ ಅಸಲಿಗೆ ಹೋಗೋದು 822.40, ಸಾವಿರ ಅಲ್ಲ. ಬಾಕಿ ಉಳಿಯೋದು 11,177.60. ಶುರುವಿನ ತಿಂಗಳುಗಳಲ್ಲಿ ಬಾಕಿ ನಿಧಾನವಾಗಿ ಇಳಿಯುತ್ತೆ, ಹಾಗಾಗಿ ಸರಾಸರಿ 6,500ಕ್ಕಿಂತ ಮೇಲೆ ಇರುತ್ತೆ, ದರ ಅಷ್ಟು ಕೆಳಗೆ ಬರುತ್ತೆ. ಹನ್ನೆರಡು ಸಾಲು ಬರೆದು ಮುಗಿಸಿದಾಗ ಬಾಕಿ ಸೊನ್ನೆಯ ಹತ್ತಿರ ಬಂದರೆ ದರ ಸರಿ ಅಂತ ಅರ್ಥ. 3.69 ಹಾಕಿ ಬರೆದರೆ ಕೊನೆಯಲ್ಲಿ ಇನ್ನೂ ಬಾಕಿ ಉಳಿಯುತ್ತೆ, ಅದೇ ಪರೀಕ್ಷೆ. ಫೋನಿನಲ್ಲಿ ಶೀಟ್ಸ್ ಇದ್ದರೆ ಒಂದು ಖಾನೆಯಲ್ಲಿ ಇದನ್ನ ಟೈಪ್ ಮಾಡಿಸಿ:

```
=RATE(12,-1240,12000)
```

ಉತ್ತರ 0.03475 ಬರುತ್ತೆ. ಖಾನೆ ಶೇಕಡಾ ರೂಪದಲ್ಲಿದ್ದರೆ 3% ಅಂತ ಮಾತ್ರ ಕಾಣಬಹುದು, ದಶಾಂಶ ಸ್ಥಾನ ಹೆಚ್ಚಿಸಿಕೊಳ್ಳಲಿ.

ಕೋಟೆ ಮೇಷ್ಟ್ರು

ನಿಮ್ಮ ಲೆಕ್ಕ ಸರಿಯೇ ಸರ್, ಒಪ್ಪಿದೆ. ಆದರೆ ಕ್ಲಾಸಿನಲ್ಲಿ ನಾನು ಸರಾಸರಿಯನ್ನೇ ಹೇಳ್ತೀನಿ. RATE ಅಂತ ಟೈಪ್ ಮಾಡಿದ ಹುಡುಗನಿಗೆ 3.475 ಎಲ್ಲಿಂದ ಬಂತು ಅಂತ ಗೊತ್ತಿರಲ್ಲ. 3.69 ಎಲ್ಲಿಂದ ಬಂತು ಅಂತ ಅವನು ತನ್ನ ಅಪ್ಪನಿಗೂ ಹೇಳಬಲ್ಲ. ಸಂತೆಯಲ್ಲಿ ನಿಂತು ಸಾಲದ ಮಾತಾಡುವಾಗ ಎರಡಲ್ಲ, ಮೂರೂವರೆಗಿಂತ ಮೇಲೆ ಅಂತ ಗೊತ್ತಾದರೆ ಸಾಕು.

ಹಳೇ ಲೆಡ್ಜರ್

ಮೂರೂವರೆಗಿಂತ ಮೇಲೆ ಅಂತೀರಿ, ನಿಜವಾದ್ದು ಮೂರೂವರೆಗಿಂತ ಕೆಳಗಿದೆ ಮೇಷ್ಟ್ರೇ. ಅದಕ್ಕೇ ನಾನು ಹನ್ನೆರಡು ಸಾಲಿನ ಪಟ್ಟಿಯನ್ನೇ ಹಿಡ್ಕೊಂಡು ಕೂರೋದು. ಅದಕ್ಕೆ ಕೂಡೋದು, ಕಳೆಯೋದು, ಗುಣಿಸೋದು ಬಂದರೆ ಸಾಕು. ಇದರಲ್ಲಿ ನೀವೂ ನಾನೂ ಒಪ್ಪೋದು ಕಷ್ಟ ಅನಿಸುತ್ತೆ.

ಹರಿಹರದ ಪೋಷಕ

ಮಕ್ಕಳಿಂದ ನಿಜವಾಗಿಯೂ ಹತ್ತು ಹತ್ತು ರೂಪಾಯಿ ಎತ್ತಿ ಮಾಡಿಸಿದರೆ ಇನ್ನೂ ಚೆನ್ನಾಗಿ ತಲೆಗೆ ಹೋಗುತ್ತಲ್ವಾ? ಚೀಟಿ ಅಂದ್ರೆ ಆಟ ಆಗುತ್ತೆ.

ಹೊನ್ನಾಳಿ ಕಾಮರ್ಸ್

ಬೇಡ ಸರ್. ಮಕ್ಕಳಿಂದ ದುಡ್ಡು ಎತ್ತಿ ಮಕ್ಕಳಿಗೇ ಬಡ್ಡಿಗೆ ಕೊಡಿಸೋದು ನನಗೆ ಒಪ್ಪಿಗೆಯಿಲ್ಲ. ಹತ್ತು ರೂಪಾಯಿ ತರೋಕಾಗದ ಹುಡುಗಿ ಎಲ್ಲರ ಮುಂದೆ ಸಾಲಗಾರ್ತಿಯಾಗಿ ನಿಲ್ಲಬೇಕಾಗುತ್ತೆ. ಕಾಲೇಜಿನವರೂ ಬಿಡಲ್ಲ. ಚೀಟಿಯೇ ಇರಲಿ.

ಹೊನ್ನಾಳಿ ಕಾಮರ್ಸ್

ಮುಂದಿನ ವಿಷಯ. ಮೂರು ಗುಂಪಿನ ಪಾಠ ಆಯ್ತು, ಏನೇನು ನಡೀತು ಅಂತ ಹೇಳ್ತೀನಿ.

ಮೂರನೇ ಗುಂಪಿನಲ್ಲೇ ಜಗಳ ಬಂತು. ಅರ್ಧ ಜನ ಸಾಲು ಸಾಲಾಗಿ ಬರೆದು 15,220 ಅಂದ್ರು, ಇನ್ನರ್ಧ ಸೂತ್ರ ಹಾಕಿ 15,218.90 ಅಂದ್ರು. ಲೆಡ್ಜರ್ ಬರೆದವರು ತಿಂಗಳ ತಿಂಗಳ ಪೈಸೆಯನ್ನ ಹತ್ತಿರದ ರೂಪಾಯಿಗೆ ಸರಿಮಾಡಿಕೊಂಡಿದ್ದರು. 12,484.80 ಅವರಲ್ಲಿ 12,485 ಆಗಿತ್ತು. ಆ ಇಪ್ಪತ್ತು ಪೈಸೆಗೂ ಮುಂದೆ ಬಡ್ಡಿ ಬಿದ್ದು, ಹಾಗೇ ಒಂದೊಂದು ತಿಂಗಳದ್ದೂ ಸೇರಿ, ಕೊನೆಗೆ ಒಂದು ರೂಪಾಯಿ ಹತ್ತು ಪೈಸೆ ಹೆಚ್ಚಾಗಿತ್ತು. ಇದನ್ನ ಹುಡುಕಿ ಹಿಡಿದದ್ದು ಅವರೇ. ಯಾವ ತಿಂಗಳಿಂದ ಬೇರೆ ಆಯ್ತು ಅಂತ ಎರಡು ಪುಸ್ತಕ ಅಕ್ಕಪಕ್ಕ ಇಟ್ಟು ಬೆರಳು ಇಟ್ಟು ತೋರಿಸಿದರು. ಬಡ್ಡಿಗೆ ಬಡ್ಡಿ ಅಂದರೇನು ಅಂತ ನಾನು ಅದಕ್ಕಿಂತ ಚೆನ್ನಾಗಿ ವಿವರಿಸೋಕಾಗ್ತಿರಲಿಲ್ಲ.

ಇನ್ನೊಬ್ಬ ಹುಡುಗನ ಉತ್ತರ 1,58,577 ಬಂದಿತ್ತು. ದರ 24 ಹಾಕಿ, ಅವಧಿಗೆ 12 ಹಾಕಿದ್ದ. ದರ ವರ್ಷದ್ದು, ಕಾಲ ತಿಂಗಳದ್ದು. ಸರಳ ಬಡ್ಡಿಯಲ್ಲಿ ಇದೇ ತಪ್ಪು ಮಾಡಿದರೆ ಬಡ್ಡಿ ಹನ್ನೆರಡು ಪಟ್ಟು ಆಗುತ್ತೆ ಅಷ್ಟೇ, ಇಲ್ಲಿ ಹೊಲಿಗೆ ಮಷೀನಿನ ಸಾಲ ವರ್ಷಕ್ಕೆ ಒಂದೂವರೆ ಲಕ್ಷ ದಾಟಿತ್ತು. ಪಕ್ಕದವಳು "ಅಷ್ಟಾದ್ರೆ ಯಾರು ಸಾಲ ತಗೋತಾರೋ" ಅಂದ ಮೇಲೆ ಅವನೇ ಹಿಂದಕ್ಕೆ ಹೋಗಿ ನೋಡಿದ.

ಆಮೇಲೆ ನಾನು ಒಂದು ಪ್ರಶ್ನೆ ಕೊಟ್ಟೆ, ಏನೂ ಕಟ್ಟದೆ ಬಿಟ್ಟರೆ 12,000 ಎಷ್ಟು ತಿಂಗಳಿಗೆ ಎರಡರಷ್ಟು ಆಗುತ್ತೆ? ಎರಡನೇ ಗುಂಪಿನ ಪುಸ್ತಕದಲ್ಲಿ 50 ತಿಂಗಳು. ಮೂರನೇ ಗುಂಪಿನದರಲ್ಲಿ 35ನೇ ತಿಂಗಳಿಗೆ 23,998.67. ಒಂದು ರೂಪಾಯಿ ಮೂವತ್ತಮೂರು ಪೈಸೆ ಕಮ್ಮಿ ಇಪ್ಪತ್ನಾಲ್ಕು ಸಾವಿರ. ಸಿಇಟಿ ಹುಡುಗ ಹೇಳಿದ ಹಾಗೆ ಅವಧಿ ಉದ್ದ ಮಾಡಿದ್ದೂ ಉಪಯೋಗಕ್ಕೆ ಬಂತು. ಎರಡು ಪುಸ್ತಕದ ನಡುವಿನ ಅಂತರ ಮೊದಲ ವರ್ಷದ ಕೊನೆಗೆ 339, ಎರಡನೇ ವರ್ಷಕ್ಕೆ 1,541, ಮೂರನೇ ವರ್ಷಕ್ಕೆ 3,839. ಅಂತರ ಬೆಳೆಯೋದೂ ಒಂದೇ ಸಮ ಅಲ್ಲ ಅಂತ ಅವರಿಗೆ ಅಲ್ಲಿ ಕಂಡಿತು.

ಸಿಇಟಿ ಹುಡುಗ

ಮೇಡಂ, ಹಾಗಾದ್ರೆ ಪರೀಕ್ಷೆಯಲ್ಲಿ "ವಾರ್ಷಿಕ 24%, ತಿಂಗಳಿಗೊಮ್ಮೆ ಬಡ್ಡಿ ಸೇರ್ಪಡೆ" ಅಂತ ಬಂದ್ರೆ 2% ಮತ್ತು 12, ಸೇರ್ಪಡೆ ಬಗ್ಗೆ ಏನೂ ಕೊಡದೆ ಚಕ್ರಬಡ್ಡಿ ಅಂದ್ರೆ 24% ಮತ್ತು 1. ಸರಿನಾ?

ಹೊನ್ನಾಳಿ ಕಾಮರ್ಸ್

ಪರೀಕ್ಷೆಗೆ ಸರಿ. ಏನೂ ಕೊಡದಿದ್ದರೆ ವರ್ಷಕ್ಕೊಮ್ಮೆ ಅಂತ ಹಿಡೀತಾರೆ. ಸಾಲಕ್ಕೆ ಸಹಿ ಹಾಕುವಾಗ ಮಾತ್ರ ಹಾಗೆ ಹಿಡಿಯೋ ಹಾಗಿಲ್ಲ, ಎಷ್ಟು ದಿನಕ್ಕೊಮ್ಮೆ ಸೇರಿಸ್ತೀರಿ ಅಂತ ಕೇಳಲೇಬೇಕು.

ಸಂಘದ ಪುಸ್ತಕ ಬರೆಯೋಳು

ಮೇಡಂ, ನಿಮ್ಮ ಮಕ್ಕಳ ಮುಂದ ಇದೊಂದು ಇಡ್ರಿ. ನಮ್ಮಲ್ಲಿ ಯಾರೂ ಪೂರ್ತಿ ಕಟ್ಟಂಗಿಲ್ಲ, ಪೂರ್ತಿ ಬಿಡಂಗೂ ಇಲ್ಲ. 12,000 ತಗೊಂಡಾಕಿ ಎರಡು ತಿಂಗಳು ಬರಲೇ ಇಲ್ಲ, ಮೂರನೇ ತಿಂಗಳಿಗೆ ಬಂದು ಸಾವಿರ ರೂಪಾಯಿ ಕೊಟ್ಟಳು ಅನ್ಕೊಳ್ರಿ. ಅದನ್ನ ನಾನು ಬಡ್ಡಿಗೆ ಬರೀಲೋ, ಅಸಲಿಗೆ ಬರೀಲೋ?

ಹಳೇ ಲೆಡ್ಜರ್

ಮೊದಲು ಬಡ್ಡಿಗೆ, ಉಳಿದದ್ದು ಅಸಲಿಗೆ, ಅದೇ ರೂಢಿ. ಮೂರು ತಿಂಗಳ ಬಡ್ಡಿ 720. ಸಾವಿರದಲ್ಲಿ 720 ಬಡ್ಡಿಗೆ ಹೋಗಿ 280 ಅಸಲಿಗೆ. ಬಾಕಿ 11,720, ಮುಂದಿನ ತಿಂಗಳ ಬಡ್ಡಿ 234.40.

ಕೋಟೆ ಮೇಷ್ಟ್ರು

ಪೂರ್ತಿ ಅಸಲಿಗೆ ಬರೆದರೆ ಅಸಲು 11,000, ಬಡ್ಡಿ ಬಾಕಿ 720 ಬೇರೆ ಕಾಲಂನಲ್ಲಿ. ಆವತ್ತಿನ ಮಟ್ಟಿಗೆ ಒಟ್ಟು ಬಾಕಿ ಅದೇ 11,720. ಆದರೆ ಮುಂದಿನ ತಿಂಗಳ ಬಡ್ಡಿ 220. ಚಕ್ರಬಡ್ಡಿ ಪುಸ್ತಕವಾದರೆ ಬಾಕಿ 11,734.50, ಬಡ್ಡಿ 234.69. ನೋಡಿ, ಬಡ್ಡಿಗೆ ಮೊದಲು ಬರೆದ ಸರಳ ಬಡ್ಡಿಯ ಪುಸ್ತಕ ಚಕ್ರಬಡ್ಡಿಯ ಪುಸ್ತಕದ ಹತ್ತಿರ ಹತ್ತಿರವೇ ಬಂದುಬಿಡ್ತು, ನಡುವೆ 29 ಪೈಸೆ. ಇದು ನಾಳೆಯೇ ನನ್ನ ಕ್ಲಾಸಿಗೆ ಹೋಗುತ್ತೆ.

ಸಂಘದ ಪುಸ್ತಕ ಬರೆಯೋಳು

ನಮ್ಮ ಸಂಘದಾಗ ಅಸಲಿಗೇ ಬರೀತೀವ್ರಿ. ಬಡ್ಡಿಗೆ ಬರೆದ್ರ ಸಾವಿರ ತಂದಾಕಿಗೆ ಸಾಲ 280 ಮಾತ್ರ ಇಳಿದದ್ದು ಕಾಣತೈತಿ, ಮುಂದಿನ ತಿಂಗಳು ಆಕಿ ಸಭೆಗೇ ಬರಂಗಿಲ್ಲ. ತಿಂಗಳಿಗೆ ಹದಿನಾಲ್ಕು ರೂಪಾಯಿ ಚಿಲ್ಲರೆ ಸಂಘಕ್ಕ ಕಮ್ಮಿ ಬರತೈತಿ, ಖರೆ. ಆದ್ರ ಆ ಹದಿನಾಲ್ಕು ರೂಪಾಯಿ ಉಳಿದ ಒಂಬತ್ತು ಮಂದಿಯದೂ ಹೌದಲ್ರೀ, ಅವರು ಯಾಕ ಬಿಡಬೇಕು ಅಂತ ಹೋದ ಸಭೆಯಾಗ ಒಬ್ಬಾಕಿ ಕೇಳಿದಳು. ಅದರ ಮ್ಯಾಲೆ ಇನ್ನೂ ಮಾತು ನಡದೈತಿ. ಮುಂದಿನ ಸಭೆ ಅಮಾವಾಸ್ಯೆ ಆದ ಮ್ಯಾಲೆ ಐತಿ, ಮೇಷ್ಟ್ರು ಬರೆದ ಈ ಮೂರು ಲೆಕ್ಕ ಹಾಳೆ ಮ್ಯಾಲೆ ಬರಕೊಂಡು ಹೋಗ್ತೀನಿ.